ಸೌಖ್ಯ ಎಂದು ಹೇಳಲು ಹೋದವಳು

ಕಡಬದಿಂದ ಹೊರಡುವ ಮೊದಲು

ಜರ್ಮನಿಗೆ ಹೋಗಿ ಬಂದವಳು ಎಂದು ಪುತ್ತೂರಿನಲ್ಲಿ ಈಗಲೂ ಕೆಲವರು ನನ್ನನ್ನು ತೋರಿಸುತ್ತಾರೆ. "ಅಲ್ಲಿ ಎಂತೆಲ್ಲ ನೋಡಿದಿರಿ ಟೀಚರೆ?" ಎಂದು ಕೇಳುತ್ತಾರೆ. ಕೋಟೆ ನೋಡಲಿಲ್ಲ, ಅರಮನೆ ನೋಡಲಿಲ್ಲ. ಆರು ವಾರ ಇದ್ದೆ. ಹೆಚ್ಚಾಗಿ ನೋಡಿದ್ದು ನನ್ನ ಅಕ್ಕನ ಮಗಳು ಜಯಂತಿಯ ಮುಖವನ್ನು. ಆದರೂ ಕೇಳುವವರಿಗೆ ಬೇಸರವಾಗಬಾರದೆಂದು ಹಿಮದ ವಿಷಯ, ರೈಲಿನ ವಿಷಯ ಹೇಳಿ ಮುಗಿಸುತ್ತಿದ್ದೆ. ಈಗ ಜಯಂತಿಯೇ "ಬರಿಯಿರಿ ಚಿಕ್ಕಮ್ಮ, ಇನ್ನೊಂದು ಹುಡುಗಿ ಓದಲಿ" ಎಂದಿದ್ದಾಳೆ. ಅವಳಿದ್ದ ಊರಿನ ಹೆಸರು ಮಾತ್ರ ಬೇಡವಂತೆ. ಫ್ರಾಂಕ್‌ಫರ್ಟಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ, ಅಷ್ಟು ಸಾಕು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಮ್ಮ ಕಡೆಯಿಂದ, ಅದರಲ್ಲೂ ಕಡಬ, ನೆಲ್ಯಾಡಿ ಸುತ್ತಿನ ಕ್ರಿಶ್ಚಿಯನ್ ಮನೆಗಳಿಂದ, ನರ್ಸಿಂಗ್ ಕಲಿತ ಹುಡುಗಿಯರು ಪಶ್ಚಿಮ ಜರ್ಮನಿಗೆ ಹೋಗಿದ್ದರು. ಹಾಗೆ ಹೋದವಳು ಲಿಸ್ಸಿ. ಮದುವೆಗೆ ಮುಂಚೆ ಹೊಲಿಗೆ ಬರಲಿ ಎಂದು ಅವಳ ಅಮ್ಮ ನನ್ನ ಕ್ಲಾಸಿಗೆ ಕಳುಹಿಸಿದ್ದ ಹುಡುಗಿ. ಗುಂಡಿಮನೆ ಹೊಲಿಯಲು ಕೊನೆಯ ತನಕ ಬರಲಿಲ್ಲ, ಬಾಯಿ ಮಾತ್ರ ಬಹಳ ಬರುತ್ತಿತ್ತು. ಅವಳ ಜೊತೆ ಮಂಗಳೂರಿನಲ್ಲಿ ಕಲಿತ ನಮ್ಮ ಜಯಂತಿಯೂ ಹೋದಳು. ಹೋಗಿ ಆರನೆಯ ವರ್ಷ ನಡೆಯುತ್ತಿತ್ತು.

ಒಂದು ದಿನ ಲಿಸ್ಸಿಯ ಪತ್ರ ನನ್ನ ಹೊಲಿಗೆ ಕ್ಲಾಸಿನ ವಿಳಾಸಕ್ಕೆ ಬಂತು. "ಟೀಚರ್, ಜಯಂತಿ ಸರಿ ಇಲ್ಲ. ಕೆಲಸಕ್ಕೆ ಹೋಗ್ತಾಳೆ, ಬರ್ತಾಳೆ. ಮತ್ತೆ ಬಾಗಿಲು ಹಾಕ್ತಾಳೆ. ನಾನು ಕರೆದರೆ ನಾಳೆ ಅಂತಾಳೆ. ಯಾರಾದರೂ ಬರಬೇಕು. ಅವಳ ಅಮ್ಮನಿಗೆ ಬರೆದರೆ ಅಳ್ತಾರೆ, ಅದಕ್ಕೆ ನಿಮಗೆ ಬರೆಯುದು."

ಜಯಂತಿಯ ಅಮ್ಮನಿಗೆ ಯಾಕೆ ಹೋಗಲಾಗುವುದಿಲ್ಲ ಎಂಬುದು ಲಿಸ್ಸಿಗೂ ಗೊತ್ತಿರಲಿಲ್ಲ, ಜಯಂತಿಗೂ ಗೊತ್ತಿರಲಿಲ್ಲ. ನಾನು ಹೊರಡುವುದಕ್ಕೆ ಐದು ತಿಂಗಳ ಹಿಂದೆ ನಮ್ಮ ಭಾವನಿಗೆ, ಅಂದರೆ ಜಯಂತಿಯ ಅಪ್ಪನಿಗೆ, ಪಾರ್ಶ್ವವಾಯು ಬಡಿದಿತ್ತು. ಕಡಬ ಪೇಟೆಯಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದವರು. ಒಂದು ಬೆಳಿಗ್ಗೆ ಪಂಕ್ಚರ್ ಹಾಕುತ್ತಿರುವಾಗಲೇ ಬಲಗೈಯಿಂದ ರೆಂಚು ಬಿತ್ತು. ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ, ಮಾತು ತೊದಲಾಯಿತು. ನಾನು ಹೊರಡುವ ಹೊತ್ತಿಗೆ ಕೋಲು ಹಿಡಿದು ಅಂಗಳಕ್ಕೆ ಬರುತ್ತಿದ್ದರು.

ಹೊರಡುವ ಹಿಂದಿನ ದಿನ ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಅವಳಿಗೆ ಇದು ಗೊತ್ತಾಗ್ಬಾರ್ದು, ಆಯ್ತಾ? ಅಷ್ಟು ದೂರ ಒಬ್ಬಳೇ. ತಡ್ಕೊಳ್ಳುದು ಹೇಗೆ?"

"ಕೇಳಿದರೆ?"

"ಕೇಳಿದರೆ ಸೌಖ್ಯ ಅಂತ ಹೇಳು. ಅದಕ್ಕೇ ಅಲ್ವಾ ನಿನ್ನನ್ನು ಕಳಿಸುದು."

ಭಾವ ಒಳಗೆ ಮಂಚದಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ಅವರು ಏನೋ ಹೇಳಲು ಹೊರಟರು. ಅವರು ಮಾತು ಮುಗಿಸುವಷ್ಟು ಹೊತ್ತು ಕಾಯುವ ಅಭ್ಯಾಸ ನಮಗೆ ಯಾರಿಗೂ ಆಗಿರಲಿಲ್ಲ. ಅಕ್ಕ "ಆಯ್ತು, ಆಯ್ತು, ಮಲಗಿ" ಎಂದಳು.

ಫ್ರಾಂಕ್‌ಫರ್ಟ್

ಬೊಂಬಾಯಿಯಿಂದ ವಿಮಾನದಲ್ಲಿ ನನ್ನ ಪಕ್ಕ ಕುಳಿತವರು ಒಂದು ಮಾತೂ ಆಡದೆ ನಿದ್ದೆ ಮಾಡಿದರು. ಎಂಟು ಗಂಟೆ ಒಬ್ಬ ಮನುಷ್ಯನ ಪಕ್ಕ ಕೂತು ಅವರ ಊರು ಯಾವುದು ಎಂದು ಕೇಳದೇ ಇಳಿದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಪಕ್ಕದವರ ಮಗಳಿಗೆ ಯಾವ ಕಡೆ ಸಂಬಂಧ ನೋಡುತ್ತಿದ್ದಾರೆ ಎಂಬುದು ನಮಗೆ ತಿಳಿದಿರುತ್ತದೆ.

ಕಸ್ಟಮ್ಸಿನವನು ನನ್ನ ಚೀಲದಿಂದ ಹಲಸಿನ ಹಪ್ಪಳದ ಕಟ್ಟು ತೆಗೆದು ಬೆಳಕಿಗೆ ಹಿಡಿದ. ತಿನ್ನುವುದೆಂದು ಬಾಯಿಗೆ ಕೈ ಇಟ್ಟು ತೋರಿಸಿದೆ. ಅವನು ನಂಬಲಿಲ್ಲ. ಒಂದನ್ನು ಮುರಿದು ಹಸಿಯಾಗಿಯೇ ಜಗಿದು ತೋರಿಸಿದೆ. ಹಸಿ ಹಪ್ಪಳ ಹಲ್ಲಿಗೆ ಅಂಟಿಕೊಂಡು ನಾನು ಮುಖ ಕಿವುಚಿದ್ದನ್ನು ಕಂಡು ನಗುತ್ತಾ ಬಿಟ್ಟುಬಿಟ್ಟ.

ಹೊರಗೆ ಲಿಸ್ಸಿ ಓಡಿ ಬಂದು ತಬ್ಬಿಕೊಂಡಳು. ಜಯಂತಿ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಕೋಟು ಅವಳ ಮೈಮೇಲೆ ಮೊಳೆಗೆ ತೂಗುಹಾಕಿದ ಹಾಗೆ ಇತ್ತು. ನನ್ನ ಕಾಲು ಮುಟ್ಟಿ ಎದ್ದವಳು ನನ್ನ ಕಣ್ಣನ್ನು ಒಂದು ಕ್ಷಣ ಹುಡುಕುವ ಹಾಗೆ ನೋಡಿದಳು.

"ಮನೆಯಲ್ಲಿ ಎಲ್ಲ ಹೇಗಿದ್ದಾರೆ ಚಿಕ್ಕಮ್ಮ?"

"ಎಲ್ಲ ಸೌಖ್ಯ ಮಗಾ."

ಅವಳು ತಲೆ ಆಡಿಸಿ ನನ್ನ ಚೀಲ ಎತ್ತಿಕೊಂಡಳು. ರೈಲಿನಲ್ಲಿ ಲಿಸ್ಸಿಯೇ ಮಾತಾಡಿದಳು. ಜಯಂತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೊರಗೆ ಒಂದೂ ಎಲೆಯಿಲ್ಲದ ಮರಗಳು, ಸಾಲುಸಾಲು. ಎಲ್ಲ ಸತ್ತಿವೆ ಎಂದುಕೊಂಡೆ. ಮಾರ್ಚ್ ತಿಂಗಳಲ್ಲಿ ಹಾಗೇ ಇರುವುದಂತೆ.

ನಾಲ್ಕನೆಯ ಮಾಳಿಗೆ

ಜಯಂತಿಯದ್ದು ನಾಲ್ಕನೆಯ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಸಣ್ಣ ಅಡುಗೆಕೋಣೆ, ಬಚ್ಚಲು. ನೆಲ ಎಷ್ಟು ಒರೆಸಿತ್ತೆಂದರೆ ಮನುಷ್ಯರು ನಡೆದ ಗುರುತೇ ಇರಲಿಲ್ಲ. ಒಂದೇ ತಟ್ಟೆ, ಒಂದೇ ಲೋಟ ಹೊರಗಿತ್ತು. ನನಗೆ ಇನ್ನೊಂದು ತೆಗೆಯಲು ಕಪಾಟಿನ ಮೇಲಿನ ಪೆಟ್ಟಿಗೆ ಬಿಚ್ಚಬೇಕಾಯಿತು.

ನಾನು ದಿನಚರಿ ಬರೆಯುವವಳಲ್ಲ, ಆದರೆ ಬಟ್ಟೆ ನೋಡಿದರೆ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಕಾಣುವ ಕಣ್ಣು ನನ್ನದು. ನಾಲ್ಕು ದಿನದಲ್ಲಿ ಕಂಡದ್ದು ಇಷ್ಟು. ಅವಳು ಊಟವನ್ನು ಕೂತು ಮಾಡುತ್ತಿರಲಿಲ್ಲ. ಅಡುಗೆಕೋಣೆಯ ಕಿಟಕಿಗೆ ಬೆನ್ನು ಕೊಟ್ಟು ನಿಂತು ಬ್ರೆಡ್ಡು, ಮೊಸರು. ಹೊರಗೆ ಹೊರಟರೆ ಮೆಟ್ಟಿಲು ಇಳಿದು ಮತ್ತೆ ಹತ್ತಿ ಬಂದು ಒಲೆ ಆರಿದೆಯೋ ನೋಡುತ್ತಿದ್ದಳು. ಇನ್ನೊಮ್ಮೆ ಇಳಿದು, ಇನ್ನೊಮ್ಮೆ ಹತ್ತುತ್ತಿದ್ದಳು. ಆಸ್ಪತ್ರೆಗೆ ಬಸ್ಸಿದ್ದರೂ ನಲುವತ್ತು ನಿಮಿಷ ನಡೆದೇ ಹೋಗುತ್ತಿದ್ದಳು. "ವ್ಯಾಯಾಮ" ಎಂದಳು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು ಕೋಟು ಕಳಚಿದವಳು, ಮತ್ತೆ ಹಾಕಿಕೊಂಡು ಹೊರಟಳು. ಏಳನೇ ಬೆಡ್ಡಿನ ರೋಗಿಗೆ ಎಷ್ಟು ಮಿಲಿ ಕೊಟ್ಟೆ ಎಂದು ಸಂಶಯ ಬಂತಂತೆ. ಹೋಗಿ ನೋಡಿದರೆ ಸರಿಯಾಗಿಯೇ ಬರೆದಿತ್ತು. ಅಂಥದ್ದು ವಾರಕ್ಕೆರಡು ಸಲ ಆಗುತ್ತಿತ್ತೆಂದು ಲಿಸ್ಸಿ ಆಮೇಲೆ ಹೇಳಿದಳು. "ವಾರ್ಡಿನ ದೊಡ್ಡ ಸಿಸ್ಟರಿಗೂ ಸಾಕಾಗಿದೆ ಟೀಚರ್. ಇವಳು ತಪ್ಪು ಮಾಡುವವಳೇ ಅಲ್ಲ. ಅದೇ ಕಷ್ಟ."

ರಜೆಯ ದಿನ ಹೆಚ್ಚು ಕಷ್ಟ. ಕೆಲಸದ ದಿನ ಯಾರಾದರೂ ಕರೆಯುತ್ತಾರೆ, ಓಡುತ್ತಾಳೆ. ರಜೆಯ ದಿನ ಪರದೆ ಸರಿಸದೆ ಹನ್ನೊಂದರ ತನಕ ಮಲಗಿರುತ್ತಾಳೆ, ನಿದ್ದೆಯೂ ಅಲ್ಲ.

"ಹೊರಗೆ ಹೋಗುವನಾ?" ಎಂದರೆ,

"ಎಲ್ಲಿಗೆ ಚಿಕ್ಕಮ್ಮ? ಅಂಗಡಿಗೆ ಹೋದರೆ ಕೇಳುದನ್ನು ಮೊದಲೇ ಮನಸ್ಸಿನಲ್ಲಿ ಹತ್ತು ಸಲ ಹೇಳಿ ನೋಡ್ಬೇಕು. ಆರು ವರ್ಷ ಆಯ್ತು, ಭಾಷೆ ಬರ್ತದೆ. ಆದರೂ ಹೇಳಿ ನೋಡ್ಬೇಕು."

ಮತ್ತೊಮ್ಮೆ ತಾನಾಗಿಯೇ ಹೇಳಿದಳು: "ಇಲ್ಲಿ ಎಲ್ಲರೂ ನನ್ನನ್ನು ಸಿಸ್ಟರ್ ಅಂತಾರೆ. ಒಳ್ಳೆಯವರೇ. ಆದರೆ ಭಾನುವಾರ ಲಿಸ್ಸಿ ಬಾರದಿದ್ದರೆ, ಆ ವಾರ ಇಡೀ ನನ್ನ ಹೆಸರು ನನ್ನ ಕಿವಿಗೇ ಬೀಳುದಿಲ್ಲ."

ಅದರ ಮೇಲೆ ವರ್ಷವರ್ಷವೂ ಇರಲು ಪರವಾನಗಿ ಕಾಗದ ಹೊಸದು ಮಾಡಿಸಬೇಕು. ಆಚೆ ವರ್ಷ ಇವರ ಜೊತೆಯ ಇಬ್ಬರಿಗೆ ಕೊಡಲಿಲ್ಲವಂತೆ. ಬಾಗಿಲಿಗೆ ಕಾಗದ ಬಿದ್ದ ಸದ್ದಾದರೆ ಅವಳ ಕೈ ನಿಲ್ಲುತ್ತಿತ್ತು.

ಇಂಥ ಮಾತು ಬಂದಾಗಲೆಲ್ಲ ನಾನು ನನಗೆ ಗೊತ್ತಿದ್ದ ಮದ್ದನ್ನೇ ಕೊಡುತ್ತಿದ್ದೆ. "ಎಂತ ಆಗುದಿಲ್ಲ ಮಗಾ. ಎಲ್ಲ ಸರಿ ಉಂಟು. ಊರಲ್ಲೂ ಎಲ್ಲ ಸೌಖ್ಯ. ಅಪ್ಪ ಶಾಪಿಗೆ ಹೋಗ್ತಾರೆ, ಬರ್ತಾರೆ." ನಾನು ಅಷ್ಟು ಹೇಳಿದಾಗ ಅವಳು ಇನ್ನೂ ಸ್ವಲ್ಪ ಸಣ್ಣವಳಾಗುತ್ತಿದ್ದಳು. ಅದು ನನಗೆ ಕಾಣುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಮದ್ದು ಸಾಲಲಿಲ್ಲವೇನೋ ಎಂದು ಇನ್ನೊಂದು ಚಮಚ ಕೊಡುತ್ತಿದ್ದೆ.

ಭಾನುವಾರ, ಮಧ್ಯಾಹ್ನ ಒಂದು ಗಂಟೆ

ಆ ದೇಶದಲ್ಲಿ ಭಾನುವಾರ ಸದ್ದು ಮಾಡಬಾರದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಎರಡನೆಯ ಭಾನುವಾರ ಬಿಸಿಲು ಬಂತು. ಬಿಸಿಲು ಕಂಡದ್ದೇ ನನಗೆ ಬಟ್ಟೆ ಒಗೆಯಬೇಕು ಅನ್ನಿಸಿತು. ಬಚ್ಚಲಿನಲ್ಲಿ ದೊಡ್ಡ ಬಿಳಿ ತೊಟ್ಟಿ ಇತ್ತು. ಹಾಸಿಗೆ ಬಟ್ಟೆಗೆ ಸೋಪು ಹಾಕಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ತೊಟ್ಟಿಯ ಅಂಚಿಗೆ ಬಡಿಯಲು ಸುರುಮಾಡಿದೆ. ನಮ್ಮಲ್ಲಿ ಕಲ್ಲಿಗೆ ಬಡಿದರೆ ಬರುವ ಸದ್ದು ಬೇರೆ. ಆ ತೊಟ್ಟಿ ಕಬ್ಬಿಣದ್ದು, ಕೆಳಗೆ ಪೊಳ್ಳು. ಚೆಂಡೆಯ ಹಾಗೆ ಕಟ್ಟಡವೆಲ್ಲ ಕೇಳಿಸಿರಬೇಕು. ನಾಲ್ಕು ಬಡಿತ ಆಗುವಷ್ಟರಲ್ಲಿ ಬಾಗಿಲಿನ ಗಂಟೆ ಹೊಡೆಯಿತು.

ಕೈ ಒರೆಸಿಕೊಂಡು ಬಂದು ನೋಡಿದರೆ ಜಯಂತಿ ಅಡುಗೆಕೋಣೆಯ ಮೂಲೆಯಲ್ಲಿ ಗೋಡೆಗೆ ಒತ್ತಿ ನಿಂತಿದ್ದಾಳೆ. ಮುಖದಲ್ಲಿ ರಕ್ತವಿಲ್ಲ. "ತೆಗಿಬೇಡಿ" ಎಂದಳು ತುಟಿಯಲ್ಲೇ.

ನಾನು ತೆಗೆದೆ. ಕೆಳಗಿನ ಮಾಳಿಗೆಯ ಅಜ್ಜಿ. ಬೆಳ್ಳಿಕೂದಲು, ಭಾನುವಾರದ ಒಳ್ಳೆಯ ಅಂಗಿ. ಅವರು ತಮ್ಮ ಕೈಗಡಿಯಾರ ತೋರಿಸಿ ಏನೋ ಹೇಳಿದರು. ನಾನು ಒದ್ದೆ ಕೈಯಲ್ಲೇ ನಮಸ್ಕಾರ ಮಾಡಿ, ಹಿಂಡಿದ ಬಟ್ಟೆ ತೋರಿಸಿ, ಬಡಿಯುವ ಅಭಿನಯ ಮಾಡಿ, "ತಪ್ಪಾಯ್ತು ಮಾರಾಯ್ರೆ, ಗೊತ್ತಿರ್ಲಿಲ್ಲ" ಎಂದು ಕನ್ನಡದಲ್ಲೇ ಹೇಳಿದೆ. ಅವರು ಒದ್ದೆಯಾದ ನನ್ನ ಸೀರೆ ನೋಡಿದರು, ಬಟ್ಟೆ ನೋಡಿದರು. ಬಾಯಿಯ ಒಂದು ಕೊನೆ ಸ್ವಲ್ಪ ನಕ್ಕ ಹಾಗಾಯಿತು. ಬೆರಳಿನಲ್ಲಿ ಮೂರು ತೋರಿಸಿದರು. ಮೂರು ಗಂಟೆಯ ನಂತರವೋ, ಇನ್ನು ಮೂರೇ ಬಡಿತವೋ, ನನಗೆ ಈಗಲೂ ಗೊತ್ತಿಲ್ಲ.

ಬಾಗಿಲು ಹಾಕಿ ಬಂದರೆ ಜಯಂತಿ ನೆಲದಲ್ಲಿ ಕೂತಿದ್ದಳು. ಉಸಿರು ಮೇಲೆ ಮೇಲೆ. ಎದೆಗೆ ಕೈ ಒತ್ತಿಕೊಂಡು "ಕೈ ಜೋಮು ಹಿಡಿದಿದೆ, ಬಾಯಿ ಸುತ್ತ ಜುಂ ಅಂತದೆ, ಈಗ ಬಿದ್ದು ಹೋಗ್ತೇನೆ" ಎಂದಳು. ಅವಳ ಹೃದಯವೇ ನಿಲ್ಲುತ್ತದೆ ಎಂದುಕೊಂಡು ಬೆನ್ನಿಗೆ ಬಾಮು ತಿಕ್ಕಿದೆ, ಲಿಸ್ಸಿಗೆ ಹೇಗೆ ತಿಳಿಸುವುದೆಂದು ಯೋಚಿಸಿದೆ. ಹತ್ತು ನಿಮಿಷವಾಗಿರಬೇಕು. ನಿಧಾನವಾಗಿ ಉಸಿರು ಕೆಳಗೆ ಇಳಿಯಿತು. ಬೆವರಿನಲ್ಲಿ ಅಂಗಿ ಅಂಟಿತ್ತು.

"ಡಾಕ್ಟ್ರಿಗೆ ತೋರಿಸಿದ್ದಿಯಾ ಮಗಾ?"

"ಎರಡು ಸಲ ಇಸಿಜಿ ತೆಗೆದಿದ್ದಾರೆ. ಹೃದಯಕ್ಕೆ ಎಂತ ಇಲ್ಲ ಚಿಕ್ಕಮ್ಮ. ಮೊದಲ ಸಲ ಬಂದದ್ದು ಬಸ್ಸಿನಲ್ಲಿ. ಮತ್ತೆ ಬಸ್ಸು ಹತ್ತಲಿಲ್ಲ. ಅಂಗಡಿಯ ಸಾಲಿನಲ್ಲಿ ಬಂತು, ಆ ಅಂಗಡಿ ಬಿಟ್ಟೆ. ಲಿಸ್ಸಿಯ ಮನೆಯಲ್ಲಿ ಊಟಕ್ಕೆ ಕೂತಾಗ ಬಂತು..." ಅಷ್ಟಕ್ಕೆ ನಿಲ್ಲಿಸಿದಳು.

ಹೀಗೆ ಒಂದೊಂದೇ ಜಾಗ ಬಿಡುತ್ತಾ ಬಿಡುತ್ತಾ ಅವಳಿಗೆ ಆ ದೇಶದಲ್ಲಿ ಉಳಿದದ್ದು ವಾರ್ಡು ಮತ್ತು ಈ ಕೋಣೆ.

"ನರ್ಸು ಅಲ್ವಾ ನೀನು. ಮನಸ್ಸಿನ ಡಾಕ್ಟ್ರು ಇರ್ತಾರಲ್ಲ?"

"ಇದ್ದಾರೆ, ನಮ್ಮ ಆಸ್ಪತ್ರೆಯಲ್ಲೇ. ನಾನು ಅಲ್ಲಿ ಹೋಗಿ ಕೂತರೆ ನಾಳೆ ನನ್ನ ಕೈಯಿಂದ ಮಾತ್ರೆ ತಕ್ಕೊಳ್ಳುವವರು ಎಂತ ಹೇಳ್ಯಾರು? ಕಾಗದ ಹೊಸದು ಮಾಡುವವರು ಎಂತ ಹೇಳ್ಯಾರು?"

ಬುಧವಾರ, ದಾರಿ ತಪ್ಪಿದ್ದು

ಬುಧವಾರ ಅವಳಿಗೆ ರಜೆ. ನಾನು ಒಬ್ಬಳೇ ಹಾಲು ತರಲು ಹೊರಟೆ. ಎಲ್ಲ ಬೀದಿಯೂ ಒಂದೇ ಥರ, ಎಲ್ಲ ಮನೆಗೂ ಅದೇ ಕೆಂಪು ಹೆಂಚು. ಅಂಗಡಿಯ ತಿರುವು ತಪ್ಪಿ ಸುತ್ತು ಹೊಡೆದು, ಹಾಲಿಲ್ಲದೆ ಅರ್ಧ ಗಂಟೆಯೊಳಗೆ ಮನೆಯ ಬಾಗಿಲಿಗೇ ಬಂದು ನಿಂತೆ. ಕೀಲಿಕೈ ನನ್ನಲ್ಲಿತ್ತು.

ಒಳಗಿನಿಂದ ದಾಮೋದರನ ದನಿ ಕೇಳಿಸಿತು. ದಾಮೋದರ ಅಂದರೆ ನಮ್ಮ ಭಾವನ ತಮ್ಮ. "ಇಲ್ಲಿ ಎಲ್ಲ ಸೌಖ್ಯ. ನೀನು ಊಟ ಸರಿ ಮಾಡು." ಖಟ್ ಎಂಬ ಸದ್ದು. ಟೇಪು ಹಿಂದೆ ಓಡುವ ಸದ್ದು. ಮತ್ತೆ, "ಇಲ್ಲಿ ಎಲ್ಲ ಸೌಖ್ಯ. ನೀನು ಊಟ ಸರಿ ಮಾಡು." ಖಟ್.

ಆ ವರ್ಷಗಳಲ್ಲಿ ಹೊರದೇಶದಲ್ಲಿದ್ದವರ ಮನೆಗಳಲ್ಲಿ ಪತ್ರದ ಬದಲು ಕ್ಯಾಸೆಟ್ ತುಂಬಿ ಕಳುಹಿಸುವ ಅಭ್ಯಾಸ ಸುರುವಾಗಿತ್ತು. ಜಯಂತಿಯೇ ಒಂದು ಟೇಪ್‌ರೆಕಾರ್ಡರ್ ಕೊಟ್ಟುಕಳುಹಿಸಿದ್ದಳು. ತಿಂಗಳಿಗೊಮ್ಮೆ ಮನೆಯವರೆಲ್ಲ ಸುತ್ತ ಕೂತು ಒಬ್ಬೊಬ್ಬರಾಗಿ ಮಾತಾಡುವುದು. ಭಾವನಿಗೆ ಮಾತು ಹೋದ ಮೇಲೆ ಏನು ಮಾಡುವುದೆಂದು ಎಲ್ಲರೂ ಕೂತು ಯೋಚಿಸಿದ್ದೆವು. ಅಣ್ಣತಮ್ಮಂದಿರ ದನಿ ಒಂದೇ ಥರ. ದಾಮೋದರನನ್ನೇ ಅಪ್ಪನ ಹಾಗೆ ಮಾತಾಡಿಸಿದೆವು. ಉಪಾಯ ಕೊಟ್ಟವಳು ನಾನು. ಅದನ್ನೂ ಬರೆಯಲೇಬೇಕು.

ಬಾಗಿಲು ತೆಗೆದೆ. ಅವಳು ನೆಲದಲ್ಲಿ ಕೂತು ಟೇಪ್‌ರೆಕಾರ್ಡರಿಗೆ ಕಿವಿ ಒತ್ತಿದ್ದಳು. ನನ್ನನ್ನು ಕಂಡು ಎದ್ದೇಳಲಿಲ್ಲ. ಬಹಳ ಮೆತ್ತಗೆ ಕೇಳಿದಳು:

"ಚಿಕ್ಕಮ್ಮ, ಅಪ್ಪ ಯಾವಾಗ ತೀರಿಕೊಂಡ್ರು?"

ನಾನು ಬಾಗಿಲು ಹಾಕಿ ಒಳಗೆ ಬಂದೆ.

"ನನಗೆ ಗೊತ್ತುಂಟು, ಹೇಳಿ. ಇದು ಚಿಕ್ಕಪ್ಪ. ಅಪ್ಪ ಮಿಷನ್‌ಗೆ ಕಿವಿ ಕೇಳುದಿಲ್ಲ ಅಂತ ಹತ್ತಿರ ಬಂದು ಬೊಬ್ಬೆ ಹೊಡೀತಾರೆ. ಇವರು ಸಭೆಯಲ್ಲಿ ಮಾತಾಡಿದ ಹಾಗೆ ಮಾತಾಡ್ತಾರೆ. ಐದು ಕ್ಯಾಸೆಟ್ ಹೀಗೇ ಬಂತು. ನೀವು ಬರ್ತೀರಿ ಅಂತ ಲಿಸ್ಸಿ ಹೇಳಿದಾಗಲೇ ತಿಳ್ಕೊಂಡೆ. ಸುದ್ದಿ ಹೇಳ್ಲಿಕ್ಕೇ ಬರುದು ಅಂತ. ಹದಿನಾರು ದಿನ ಆಯ್ತು, ನೀವು ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾಯ್ತಾ ಇದ್ದೇನೆ. ನೀವು ಸೌಖ್ಯ ಅಂತೀರಿ."

"ಅಯ್ಯೋ ದೇವರೇ, ಇಲ್ಲ ಮಗಾ. ಇದ್ದಾರೆ. ಇದ್ದಾರೆ!"

"ಅಜ್ಜಿಯೂ ಇದ್ರು, ನಾಲ್ಕು ತಿಂಗಳು." ಅವಳು ಅಳಲಿಲ್ಲ, ವಾರ್ಡಿನ ವರದಿ ಓದಿದ ಹಾಗೆ ಹೇಳಿದಳು. "ನಾನು ಬಂದ ಮೊದಲ ವರ್ಷ. ಅಜ್ಜಿ ತೀರಿಕೊಂಡ ಮೇಲೂ ನಾಲ್ಕು ತಿಂಗಳು 'ಅಜ್ಜಿ ನಿನ್ನನ್ನು ಕೇಳಿದರು' ಅಂತ ಬರೀತಾ ಇದ್ರಿ. ಅದು ನಿಮ್ಮದೇ ಕೈಬರಹ ಚಿಕ್ಕಮ್ಮ. ಅಜ್ಜಿಗೆ ಅಂತ ನಾನು ಇಲ್ಲಿ ಉಣ್ಣೆಯ ಶಾಲು ಹೆಣೀತಾ ಇದ್ದೆ. ಅದಾದ ಮೇಲೆ ಸೌಖ್ಯ ಅಂತ ಓದಿದ ಕೂಡಲೇ ನನಗೆ ಎದೆ ಬಡಿಯುದು. ಇದರೊಳಗೆ ಯಾರಿಲ್ಲ ಅಂತ ಹುಡುಕುದು. ಹಿಂದೆ ಕೆಮ್ಮುದು ಯಾರು, ಪಾತ್ರೆ ಇಡುದು ಯಾರು, ನಾಯಿ ಬೊಗಳ್ತದಾ..."

ಹದಿನಾರು ದಿನ ನಾನು ಚಮಚ ಚಮಚವಾಗಿ ಕೊಟ್ಟದ್ದು ಏನು ಎಂದು ಆಗ ತಿಳಿಯಿತು.

ಅಕ್ಕನಿಗೆ ಕೊಟ್ಟ ಮಾತು ನೆನಪಿತ್ತು. ಹೇಳಿದರೆ ಇವಳು ಕುಸಿಯುತ್ತಾಳೋ ಎಂಬ ಭಯವೂ ಇತ್ತು. ಆದರೆ ನನ್ನ ಎದುರು ಕೂತಿದ್ದವಳು ಬದುಕಿರುವ ಅಪ್ಪನಿಗಾಗಿ ಐದು ತಿಂಗಳಿನಿಂದ ಒಬ್ಬಳೇ ಸೂತಕ ಹಿಡಿದಿದ್ದಳು. ಅವಳ ಪಕ್ಕ ನೆಲದಲ್ಲಿ ಕೂತು ಎಲ್ಲ ಹೇಳಿದೆ. ರೆಂಚು ಬಿದ್ದದ್ದು, ಬಲಗೈ, ತೊದಲು ಮಾತು, ಕೋಲು, ದಾಮೋದರನನ್ನು ಕೂರಿಸಿದ್ದು, ಅದು ನನ್ನ ಉಪಾಯ ಎಂಬುದು.

ಅವಳು ಕೇಳಿದ್ದು ನಾನು ಎಣಿಸಿದ ಪ್ರಶ್ನೆಯೇ ಅಲ್ಲ.

"ನೀರು ಕುಡಿಯುವಾಗ ಕೆಮ್ಮು ಬರ್ತದಾ?"

"ಮೊದಲು ಬರ್ತಿತ್ತು. ಈಗ ಇಲ್ಲ."

"ನಾವು ಹೇಳಿದ್ದು ಅರ್ಥ ಆಗ್ತದಾ?"

"ಎಲ್ಲ ಆಗ್ತದೆ. ಹೇಳ್ಲಿಕ್ಕೆ ಮಾತ್ರ ಆಗುದಿಲ್ಲ."

"ಬಿಪಿ ಯಾರು ನೋಡುದು? ಎಷ್ಟು ದಿನಕ್ಕೊಮ್ಮೆ? ಬಲಗೈ ಬೆರಳು ಬಿಡಿಸಿ ಬಿಡಿಸಿ ಆಡಿಸ್ತಾರಾ, ಇಲ್ಲ ಹಾಗೇ ಮಡಚಿ ಬಿಟ್ಟಿದ್ದಾರಾ?"

ಹಾಗೇ ಮಡಚಿ ಬಿಟ್ಟಿದ್ದೆವು. ಅವಳಿಗೆ ಸಿಟ್ಟು ಬಂತು. "ನರ್ಸು ಮಗಳನ್ನು ಇಟ್ಟುಕೊಂಡು! ಐದು ತಿಂಗಳು! ಒಂದು ಪತ್ರ ಬರೆದಿದ್ರೆ ಹೇಗೆ ಮಾಡ್ಬೇಕು ಅಂತ ಚಿತ್ರ ಬರೆದು ಕಳಿಸ್ತಿದ್ದೆ!" ಎಂದು ಕೂಗಿದಳು. ನಾನು ಆ ದೇಶಕ್ಕೆ ಬಂದ ಮೇಲೆ ಅವಳು ದನಿ ಎತ್ತರಿಸಿದ್ದು ಅದೇ ಮೊದಲು. ಆಮೇಲೆ ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತಳು. ಕೆಳಗಿನ ಅಜ್ಜಿಗೆ ಕೇಳಿಸಿರಬೇಕು. ಗಂಟೆ ಹೊಡೆಯಲಿಲ್ಲ.

ಡಾಕ್ಟರಮ್ಮನ ಕೋಣೆ, ಮತ್ತು ಬಸ್ಸು

ನಿಜ ಹೇಳಿದ ಕೂಡಲೇ ಅವಳು ಗುಣವಾದಳು ಎಂದು ಬರೆದರೆ ಅದೂ ಒಂದು ಸೌಖ್ಯದ ಪತ್ರವಾಗುತ್ತದೆ. ಹಾಗಾಗಲಿಲ್ಲ. ಶುಕ್ರವಾರವೇ ಮತ್ತೊಮ್ಮೆ ಎದೆ ಬಡಿತ ಬಂತು, ಯಾವ ಕಾರಣವೂ ಇಲ್ಲದೆ. ಐದು ತಿಂಗಳಲ್ಲಿ ಮೈ ಕಲಿತದ್ದನ್ನು ಮೈ ಅಷ್ಟು ಬೇಗ ಮರೆಯುವುದಿಲ್ಲ. ಆದರೆ ಲಿಸ್ಸಿ "ಸೋಮವಾರ ಮನಸ್ಸಿನ ಡಾಕ್ಟ್ರ ಹತ್ತಿರ ಹೋಗುವ" ಎಂದಾಗ ಈ ಸಲ ಅವಳು ನಾಳೆ ಎನ್ನಲಿಲ್ಲ.

ಅಲ್ಲಿ ಒಂದು ಪದ್ಧತಿ ಉಂಟು. ಬಸ್ಸಿನಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಆದರೆ ಡಾಕ್ಟರಿಗೆ ಕಾಯುವ ಕೋಣೆಗೆ ಬಂದವರು ಬಾಗಿಲಲ್ಲಿ ನಿಂತು ಕೂತವರಿಗೆಲ್ಲ ನಮಸ್ಕಾರ ಹೇಳುತ್ತಾರೆ, ಕೂತವರೂ ಒಟ್ಟಿಗೆ ಹೇಳುತ್ತಾರೆ. ಹೋಗುವಾಗಲೂ ಹಾಗೆಯೇ. ಜಯಂತಿ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. ಐದಾರು ದನಿ ಮರಳಿ ಬಂತು. ಅಷ್ಟಕ್ಕೇ ಅವಳ ಭುಜ ಸ್ವಲ್ಪ ಇಳಿಯಿತು.

ಡಾಕ್ಟರು ನನ್ನ ಪ್ರಾಯದ ಹೆಂಗಸು. ಜಯಂತಿಯ ಮಾತನ್ನು ಒಂದು ಗಂಟೆ ಕೇಳಿದರು. ವಾರಕ್ಕೊಮ್ಮೆ ಬರಬೇಕೆಂದರು. ಅವಳು ಕೆಲಸದ ಭಯ ಹೇಳಿದಾಗ, ಈ ಕೋಣೆಯ ಮಾತು ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ ಎಂದರಂತೆ. ಇದು ಹುಚ್ಚೂ ಅಲ್ಲ, ಹೃದಯದ ಕಾಯಿಲೆಯೂ ಅಲ್ಲ. ಬೆಂಕಿ ಬಿದ್ದರೆ ಎಚ್ಚರಿಸುವ ಗಂಟೆ ಬೆಂಕಿಯಿಲ್ಲದೆಯೇ ಹೊಡೆದುಕೊಂಡ ಹಾಗೆ ಈ ಎದೆ ಬಡಿತ. ಓಡಿದರೆ ಗಂಟೆ ನಿಜವೆಂದು ಮೈ ನಂಬುತ್ತದೆ. ಕೂತಿದ್ದರೆ ಅದು ಏರಿ, ತಾನಾಗಿ ಇಳಿಯುತ್ತದೆ ಎಂದು ವಿವರಿಸಿದರು. ಜಯಂತಿ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಬಿಟ್ಟ ಜಾಗಗಳನ್ನು ಒಂದೊಂದಾಗಿ ವಾಪಸ್ಸು ಹಿಡಿಯಬೇಕು, ಬಸ್ಸಿನಿಂದ ಸುರು. ಒಲೆಯನ್ನು ಒಂದೇ ಸಲ ನೋಡಬೇಕು.

ಕೊನೆಗೆ ಡಾಕ್ಟರು ನನ್ನ ಕಡೆ ತಿರುಗಿ ಏನೋ ಹೇಳಿದರು. ಜಯಂತಿಗೆ ನಗು ಬಂತು.

"ಎಂತ ಅಂತೆ?"

"ನೀವು 'ಎಂತ ಆಗುದಿಲ್ಲ' ಅಂತ ಹೇಳಬಾರದಂತೆ. ಹೆದರಿಕೆ ಎಷ್ಟುಂಟು ಅಂತ ಕೇಳ್ಬೇಕಂತೆ. ಹತ್ತರಲ್ಲಿ ಎಷ್ಟು."

ಹಾಗೆ ನಾವು ಬಸ್ಸು ಹತ್ತಿದೆವು. ಮೊದಲ ದಿನ ಒಂದೇ ಸ್ಟಾಪು. ಬಾಗಿಲ ಪಕ್ಕದ ಸೀಟಿನಲ್ಲಿ ನನ್ನ ಮಣಿಕಟ್ಟು ಹಿಡಿದು ಕೂತಳು.

"ಎಷ್ಟು?"

"ಎಂಟು."

"ಈಗ?"

"ಒಂಬತ್ತು. ಇಳಿಯುವ ಚಿಕ್ಕಮ್ಮ."

"ಸ್ಟಾಪು ಬರ್ಲಿ. ಈಗ?"

"ಒಂಬತ್ತು. ನೀವು ಕಂಡಕ್ಟರಿನ ಹಾಗೆ ಕೇಳ್ತೀರಿ."

"ಟಿಕೇಟು ತೆಗೆದಿದ್ದಿಯಾ ಮತ್ತೆ?"

ಅವಳು ನಗುವ ಹಾಗಾಗಿ, ನಗಲಾಗದೆ, ಬೆವರು ಒರೆಸಿಕೊಂಡಳು. ಮುಂದಿನ ದಿನ ಮೂರು ಸ್ಟಾಪು. ಅದರ ಮುಂದಿನ ದಿನ ಎರಡೇ; ಅಳುತ್ತಾ ಇಳಿದಳು, ನಾವು ನಡೆದು ಮನೆಗೆ ಬಂದೆವು. ಹತ್ತನೆಯ ದಿನ ಆಸ್ಪತ್ರೆಯ ತನಕ ಹೋದೆವು. ಕೊನೆಯ ಸ್ಟಾಪಿನಲ್ಲಿ "ನಾಲ್ಕು" ಎಂದಳು. ಎಲೆಯಿಲ್ಲದ ಮರಗಳಲ್ಲಿ ಮೊಗ್ಗು ಕಾಣಿಸುತ್ತಿತ್ತು, ನನಗೇ ಮೊದಲು ಕಂಡದ್ದು.

ಗುರುವಾರ ಸಂಜೆಗಳಲ್ಲಿ ಲಿಸ್ಸಿಯ ಮನೆಯಲ್ಲಿ ಊಟ ಎಂದಾಯಿತು. ಮೀನುಸಾರಿಗೆ ಅವಳು ಹಾಕುವ ಹುಳಿ ನನಗೆ ಹೆಚ್ಚಾಯಿತು, ಅವಳಿಗೆ ನನ್ನ ಸಾರು ಸಪ್ಪೆಯಾಯಿತು. ಜಯಂತಿ ಕೂತು ಊಟ ಮಾಡಿದಳು. ಒಂದು ಸಲ ಮಧ್ಯದಲ್ಲಿ ಎದ್ದು ಕಿಟಕಿಯ ಹತ್ತಿರ ಹೋದಳು. ಲಿಸ್ಸಿ ಬಾಯಲ್ಲಿ ಅನ್ನ ಇಟ್ಟುಕೊಂಡೇ "ಎಷ್ಟೇ?" ಎಂದು ಕೂಗಿದಳು. "ಆರು" ಎಂದಳು. ಮತ್ತೆ ಬಂದು ಕೂತಳು.

ಪೋಸ್ಟಾಫೀಸು

ನಿಜ ಹೇಳಿದ ಮರುದಿನವೇ ನಾನು ಅಕ್ಕನಿಗೆ ಪತ್ರ ಹಾಕಿದ್ದೆ. "ಹೇಳಿಬಿಟ್ಟಿದ್ದೇನೆ. ಸಿಟ್ಟು ಮಾಡಬೇಡ" ಎಂದು ಬರೆದು, ಇಂಥ ದಿನ ಮಧ್ಯಾಹ್ನ ಭಾವನನ್ನು ಪುತ್ತೂರಿಗೆ ಕರೆತರಬೇಕು, ನನ್ನ ಕ್ಲಾಸಿನ ಕೆಳಗಿನ ಬಟ್ಟೆ ಅಂಗಡಿಯಲ್ಲಿ ಫೋನು ಉಂಟು, ಅಲ್ಲಿಗೆ ಮಾಡುತ್ತೇವೆ ಎಂದಿದ್ದೆ. ಉತ್ತರ ಬಂತು. "ನಿನ್ನನ್ನು ಕಳಿಸಿದ್ದು ಎಂತಕ್ಕೆ, ನೀನು ಮಾಡಿದ್ದು ಎಂತ" ಎಂದು ಒಂದು ಪುಟ. ಕೊನೆಯಲ್ಲಿ, "ಕಾರು ಮಾಡಿ ಕರಕೊಂಡು ಬರುತ್ತೇವೆ. ಅವರು ಈಗಲೇ ಅಂಗಿ ತೆಗೆದಿಟ್ಟಿದ್ದಾರೆ."

ನಾನು ಹೊರಡಲು ಮೂರು ದಿನ ಇರುವಾಗ ಆ ದಿನ ಬಂತು. ಅಲ್ಲಿಯ ಪೋಸ್ಟಾಫೀಸಿನಲ್ಲಿ ಗಾಜಿನ ಬಾಗಿಲಿನ ಸಣ್ಣ ಸಣ್ಣ ಗೂಡುಗಳು. ಕೌಂಟರಿನಲ್ಲಿ ಹೇಳಿ ಬೆಂಚಿನಲ್ಲಿ ಕಾಯಬೇಕು. ಲೈನು ಸಿಕ್ಕಿದರೆ ಗೂಡಿನ ನಂಬರು ಕೂಗುತ್ತಾರೆ. ಎರಡೂವರೆ ಗಂಟೆ ಕಾದೆವು. ಪುತ್ತೂರಿನ ಬಟ್ಟೆ ಅಂಗಡಿಯಲ್ಲಿ ಭಾವ ಅಷ್ಟೂ ಹೊತ್ತು ಸ್ಟೂಲಿನ ಮೇಲೆ ಕೂತಿರುತ್ತಾರೆ ಎಂದು ನನಗೆ ಕಳವಳ. ಜಯಂತಿಯನ್ನು ಎಷ್ಟು ಎಂದು ಕೇಳಲಿಲ್ಲ. ಅವಳ ಮುಖದಲ್ಲೇ ಇತ್ತು.

ಕೂಗಿದರು. ಒಬ್ಬರು ಹಿಡಿಸುವ ಗೂಡಿನಲ್ಲಿ ಇಬ್ಬರೂ ತುರುಕಿಕೊಂಡೆವು. ಸಮುದ್ರದ ಹಾಗೆ ಸದ್ದು, ಅದರೊಳಗಿನಿಂದ ಅಕ್ಕ.

"ಜಯಂತಿ! ಇಲ್ಲಿ ಎಲ್ಲ ಸೌಖ್ಯ!"

ಅಭ್ಯಾಸ, ಪಾಪ. ಜಯಂತಿ ಕಣ್ಣು ಮುಚ್ಚಿಕೊಂಡಳು. "ಅಮ್ಮ, ಅದು ಬೇಡ. ಅಪ್ಪನಿಗೆ ಕೊಡಿ."

ಆಮೇಲೆ ಏನೂ ಇಲ್ಲ. ಉಸಿರು ಮಾತ್ರ. ನಂತರ ಒಂದು ದನಿ. ಮಾತಲ್ಲ, ಮಾತಾಗಲು ಹೊರಟು ಅರ್ಧದಲ್ಲಿ ನಿಂತದ್ದು. ಹಿಂದಿನಿಂದ ಅಕ್ಕ "ಹೇಗಿದ್ದೀ ಅಂತ ಕೇಳ್ತಾ ಇದ್ದಾರೆ" ಎಂದು ಹೇಳಿಕೊಡುವುದು ಕೇಳಿಸಿತು.

"ಅಮ್ಮ, ನೀವು ಹೇಳ್ಬೇಡಿ. ಅವರೇ ಹೇಳ್ಲಿ." ಜಯಂತಿಯ ದನಿ ವಾರ್ಡಿನಲ್ಲಿ ಹೇಗಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು. "ನಿಧಾನ ಅಪ್ಪ. ಅವಸರ ಇಲ್ಲ. ನಾನು ಇಲ್ಲೇ ಇದ್ದೇನೆ."

ಕಾದಳು. ಅಷ್ಟು ದೂರದ ಲೈನಿನಲ್ಲಿ, ಒಂದೊಂದು ನಿಮಿಷವೂ ಓಡುತ್ತಿರುವಾಗ, ಅವಳು ಅವಸರವಿಲ್ಲದೆ ಕಾದಳು. ನಾವು ಮನೆಯಲ್ಲಿದ್ದವರು ಯಾರೂ ಅವರಿಗೆ ಅಷ್ಟು ಹೊತ್ತು ಕೊಟ್ಟಿರಲಿಲ್ಲ.

"ಹೇ... ಹೇ...ಗಿ... ದ್ದೀ."

ಆರು ವರ್ಷ ಅವಳು ಬರೆದ ಪತ್ರಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು. ನಾನು ಅವಳ ಬೆನ್ನಿಗೆ ಕೈ ಇಟ್ಟೆ.

"ಅಪ್ಪ, ನನಗೂ ಸೌಖ್ಯ ಇಲ್ಲ," ಎಂದಳು. "ಇಲ್ಲಿ ಒಬ್ಬಳೇ ಇದ್ದು ಇದ್ದು ಹೆದರಿಕೆ ಸುರು ಆಗಿದೆ. ಮದ್ದು ಮಾಡ್ತಾ ಇದ್ದೇನೆ."

ಸಮುದ್ರದ ಸದ್ದು. ಆಚೆ ಕಡೆಯವರು ಮಾತನ್ನು ಹುಡುಕುತ್ತಿದ್ದಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅಲ್ಲಾಡಲಿಲ್ಲ.

"ಗೊ...ತ್ತುಂ...ಟು," ಎಂದರು ಭಾವ. ಆಮೇಲೆ, ಅದಕ್ಕಿಂತಲೂ ನಿಧಾನವಾಗಿ, "ನಾ...ನೂ."

ಲೈನು ಕಡಿಯಿತು.

ಗೂಡಿನಿಂದ ಹೊರಗೆ ಬಂದಾಗ ಅವಳ ಕೆನ್ನೆಯೆಲ್ಲ ಒದ್ದೆ. ಒರೆಸಿಕೊಳ್ಳಲೂ ಇಲ್ಲ. ಬೆಂಚಿನಲ್ಲಿ ಟೋಪಿ ಹಾಕಿದ ಒಬ್ಬ ಮುದುಕರು ತಮ್ಮ ಸರದಿಗೆ ಕಾಯುತ್ತಿದ್ದರು. ಅವಳನ್ನು ನೋಡಿ 'ಏನಾದರೂ ಆಯಿತೇ' ಎಂಬ ಅರ್ಥದ ಎರಡು ಮಾತು ಕೇಳಿದರು. ಜಯಂತಿ ಉತ್ತರ ಕೊಟ್ಟಳು. ಒಂದು ವಾಕ್ಯವೆಂದುಕೊಂಡೆ, ನಾಲ್ಕೈದು ಆದವು. ಮನಸ್ಸಿನಲ್ಲಿ ಮೊದಲು ಹೇಳಿ ನೋಡಿಕೊಂಡ ಹಾಗೆ ಕಾಣಲಿಲ್ಲ. ಮುದುಕರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು. ಆಮೇಲೆ ಬೆಂಚಿನ ಮೇಲಿದ್ದ ತಮ್ಮ ಚೀಲವನ್ನು ನೆಲಕ್ಕಿಳಿಸಿ ಜಾಗ ಮಾಡಿದರು.

"ಎಂತ ಹೇಳಿದೆ ಅವರಿಗೆ?" ಎಂದು ಕೇಳಿದೆ.

"ಇದ್ದದ್ದನ್ನೇ," ಎಂದು ಅವಳು ಅವರ ಪಕ್ಕ ಕೂತಳು.